ಮಣೆಯ ಎತ್ತರದಿಂದ ಮೆಟ್ಟಿಲಿನ ಎತ್ತರಕ್ಕೆ

ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಮಹಡಿಯ ಮೇಲಿದೆ, ಶಿಕ್ಷಕರ ಕೊಠಡಿ ಕೆಳಗಿದೆ. ಸಮಾಜ ವಿಜ್ಞಾನ ಪಾಠ ಮಾಡುವ ನಾನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೇನೆಂದು ಬಲ ಮಂಡಿ ನೋಯತೊಡಗುವವರೆಗೆ ಯೋಚಿಸಿರಲಿಲ್ಲ. ಅದಕ್ಕೆ ಕೆಲವು ತಿಂಗಳ ಹಿಂದೆ ಚಿತ್ರದುರ್ಗದ ನಮ್ಮ ಬೀದಿಯ ತಿರುವಿನಲ್ಲೇ ದ್ವಿಚಕ್ರ ವಾಹನ ಜಾರಿ ಬಲಗಾಲಿನ ಹಿಮ್ಮಡಿಗಂಟಿನ ಬಳಿ ಮೂಳೆ ಬಿರುಕು ಬಿಟ್ಟಿತ್ತು. ಮಂಡಿಯ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಅದನ್ನು ಬಿಚ್ಚಿ ನಡೆದಾಡುವಂತಾದ ಮೇಲೆ, ಪೆಟ್ಟು ಬಿದ್ದ ಜಾಗ ಸುಮ್ಮನಿದ್ದರೂ ಪೆಟ್ಟೇ ಬೀಳದ ಮಂಡಿ ದೂರು ಹೇಳತೊಡಗಿತು.

ನೋವು ಮಂಡಿಚಿಪ್ಪಿನ ಹಿಂದೆ ಮತ್ತು ಸುತ್ತ ಇತ್ತು. ಎಲ್ಲಿ ನೋವು ಎಂದು ಕೇಳಿದರೆ ಒಂದು ಬೆರಳಿನಿಂದ ತೋರಿಸಲು ಆಗುತ್ತಿರಲಿಲ್ಲ, ಅಂಗೈಯನ್ನೇ ಚಿಪ್ಪಿನ ಮೇಲೆ ಇಡಬೇಕಾಗಿತ್ತು. ಸಮತಟ್ಟು ರಸ್ತೆಯಲ್ಲಿ ಎಷ್ಟು ನಡೆದರೂ ತೊಂದರೆಯಿಲ್ಲ. ಮೆಟ್ಟಿಲು ಹತ್ತುವಾಗ ನೋವು, ಇಳಿಯುವಾಗ ಇನ್ನೂ ಸ್ವಲ್ಪ ಹೆಚ್ಚು. ದಾವಣಗೆರೆಗೆ ತರಬೇತಿಗೆಂದು ಬಸ್ಸಿನಲ್ಲಿ ಹೋದಾಗ ಮುಂದಿನ ಸೀಟಿಗೆ ಮಂಡಿ ತಾಗಿಸಿಕೊಂಡು ಕುಳಿತಿದ್ದಷ್ಟು ಹೊತ್ತೂ ಒಂದು ಮಂಕು ನೋವು. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಅದು ಮಾಯ. ಮಂಡಿ ಮಡಿಸಿದಾಗ ಕಟಕಟ ಸದ್ದೂ ಬರುತ್ತಿತ್ತು. ನನ್ನ ತಾಯಿ ಆ ಸದ್ದು ಕೇಳಿ "ಮಂಡಿ ಸವೆದಿದೆ ಕಣೋ, ಮೇಲೆ ಕೆಳಗೆ ಓಡಾಡುವುದನ್ನು ನಿಲ್ಲಿಸು" ಎಂದು ತೀರ್ಪು ಕೊಟ್ಟು ಎಳ್ಳೆಣ್ಣೆ ಬಿಸಿ ಮಾಡಿ ತಂದರು.

ಮೂಳೆ ವೈದ್ಯರು ಕ್ಷ-ಕಿರಣ ಚಿತ್ರ ನೋಡಿ ಮಂಡಿಯಲ್ಲಿ ಏನೂ ಇಲ್ಲ ಎಂದರು. ಊತ ಇದೆಯೇ, ಮಂಡಿ ಮಡಿಸಿದಲ್ಲೇ ಸಿಕ್ಕಿಕೊಳ್ಳುತ್ತದೆಯೇ, ನಡೆಯುವಾಗ ಕುಸಿಯುತ್ತದೆಯೇ, ರಾತ್ರಿ ಮಲಗಿದ್ದಾಗಲೂ ನೋಯುತ್ತದೆಯೇ ಎಂದು ವಿಚಾರಿಸಿದರು. ಇವುಗಳಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಅವರು ಬೇರೆ ದಾರಿ ಹಿಡಿಯುತ್ತಿದ್ದರಂತೆ. ಎಲ್ಲಕ್ಕೂ ಇಲ್ಲ ಎಂದ ಮೇಲೆ, ಇಂಥ ನೋವಿನಲ್ಲಿ ಚಿತ್ರ ಚೆನ್ನಾಗಿಯೇ ಬರುವುದು ಸಾಮಾನ್ಯ ಎಂದು ಹೇಳಿ ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಫಿಸಿಯೋಥೆರಪಿ ಮಾಡುವವರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಯಾವ ಯಂತ್ರಕ್ಕೂ ಕೈ ಹಾಕದೆ ದರ್ಜಿಯ ಟೇಪ್ ತೆಗೆದುಕೊಂಡರು. ಮಂಡಿಚಿಪ್ಪಿನ ಮೇಲಂಚಿನಿಂದ ಹತ್ತು ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಮಾಡಿ, ಎರಡೂ ತೊಡೆಗಳ ಸುತ್ತಳತೆ ತೆಗೆದರು. ಬಲ ತೊಡೆ ಎರಡೂವರೆ ಸೆಂಟಿಮೀಟರ್ ಕಡಿಮೆ ಇತ್ತು. ಪ್ಲಾಸ್ಟರ್ ಇದ್ದದ್ದು ಮಂಡಿಯ ಕೆಳಗಲ್ಲವೇ, ತೊಡೆ ಏಕೆ ಬಡವಾಯಿತು ಎಂದು ಕೇಳಿದೆ. "ಸರ್, ಆ ಕಾಲಿನ ಮೇಲೆ ನೀವು ಭಾರ ಹಾಕಲೇ ಇಲ್ಲವಲ್ಲ. ತೊಡೆಯ ಮುಂಭಾಗದ ಸ್ನಾಯು ಕೆಲಸವಿಲ್ಲದಿದ್ದರೆ ಬಹಳ ಬೇಗ ಕರಗುತ್ತದೆ. ಟೇಪ್ ತೋರಿಸುವುದಕ್ಕಿಂತ ಹೆಚ್ಚೇ ಕರಗಿರುತ್ತದೆ, ಏಕೆಂದರೆ ಟೇಪ್ ಕೊಬ್ಬನ್ನೂ ಸೇರಿಸಿ ಅಳೆಯುತ್ತದೆ" ಎಂದರು. ಆಮೇಲೆ ಕುರ್ಚಿಯಿಂದ ಒಂದೇ ಕಾಲಿನ ಮೇಲೆ ಏಳಲು ಹೇಳಿದರು. ಎಡಗಾಲಿನಲ್ಲಿ ಎದ್ದೆ. ಬಲಗಾಲಿನಲ್ಲಿ ಕುರ್ಚಿಯ ಅಂಚಿನಿಂದ ಬೆನ್ನು ಮಾತ್ರ ಮುಂದಕ್ಕೆ ಬಂತು, ದೇಹ ಮೇಲೇಳಲಿಲ್ಲ.

ನನಗೆ ಅಲ್ಲಿಯವರೆಗೆ ಮಂಡಿಚಿಪ್ಪು ಎಂದರೆ ಮುಚ್ಚಳ ಎಂಬ ಕಲ್ಪನೆಯಿತ್ತು. ಅದು ಮುಚ್ಚಳವಲ್ಲ, ಬಾವಿಯ ರಾಟೆಯ ಕೆಲಸ ಮಾಡುವ ಮೂಳೆ. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳು ಒಂದಾಗಿ ಈ ಚಿಪ್ಪಿಗೆ ಅಂಟುತ್ತವೆ, ಚಿಪ್ಪಿನಿಂದ ಹೊರಟ ಗಟ್ಟಿ ಪಟ್ಟಿ ಕಣಕಾಲಿನ ಮೂಳೆಗೆ ಹೋಗುತ್ತದೆ. ಮಂಡಿ ಮಡಿಸಿದಂತೆ ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ತೋಡಿನಲ್ಲಿ ಜಾರುತ್ತ, ಅದಕ್ಕೆ ಹೆಚ್ಚು ಹೆಚ್ಚು ಒತ್ತಿಕೊಳ್ಳುತ್ತದೆ. ಸಮತಟ್ಟಿನಲ್ಲಿ ನಡೆಯುವಾಗ ಈ ಒತ್ತಡ ದೇಹದ ತೂಕಕ್ಕಿಂತ ಕಡಿಮೆ. ಮೆಟ್ಟಿಲಲ್ಲಿ ಅದೇ ಒತ್ತಡ ತೂಕದ ಎರಡು ಮೂರು ಪಟ್ಟಿಗೆ ಏರುತ್ತದೆ. ನನ್ನ ಮಂಡಿ ರಸ್ತೆಯಲ್ಲಿ ಸುಮ್ಮನಿದ್ದು ಮೆಟ್ಟಿಲಲ್ಲಿ ಮಾತ್ರ ಕೂಗುತ್ತಿದ್ದುದು ಇದಕ್ಕೇ. ಕಟಕಟ ಸದ್ದಿನ ಬಗ್ಗೆ ಕೇಳಿದಾಗ, ನೋವಿಲ್ಲದ ಎಡ ಮಂಡಿಯನ್ನೂ ಮಡಿಸಿ ಕೇಳಲು ಹೇಳಿದರು. ಅಲ್ಲೂ ಸದ್ದಿತ್ತು! ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದರು. ತಾಯಿಗೆ ಈ ವಿಷಯ ಇನ್ನೂ ಒಪ್ಪಿಗೆಯಾಗಿಲ್ಲ.

ಆ ದಿನ ನಾನು ಜೊತೆಗೆ ಒಂದು ಚೀಲ ಒಯ್ದಿದ್ದೆ. ನಮ್ಮ ದೈಹಿಕ ಶಿಕ್ಷಕರು ಕಾಲಿಗೆ ಕಟ್ಟಿಕೊಳ್ಳುವ ಎರಡು ಕಿಲೋ ಮರಳುಚೀಲ ಕೊಟ್ಟು, ಕುರ್ಚಿಯಲ್ಲಿ ಕುಳಿತು ಕಾಲನ್ನು ಪೂರ್ತಿ ನೇರವಾಗುವವರೆಗೆ ಎತ್ತಬೇಕೆಂದು ಹೇಳಿಕೊಟ್ಟಿದ್ದರು. ತೊಡೆಗೆ ಅದು ಒಳ್ಳೆಯ ವ್ಯಾಯಾಮವೇ. ಆದರೆ ಕಾಲು ನೇರವಾಗುವ ಕೊನೆಯ ಗೇಣಿನಲ್ಲಿ ನನಗೆ ಚಿಪ್ಪಿನ ಹಿಂದೆ ಚುಚ್ಚುತ್ತಿತ್ತು. ಫಿಸಿಯೋಥೆರಪಿಯವರ ಮುಂದೆಯೇ ಮಾಡಿ ತೋರಿಸಿದೆ. ಅವರು ಕಾಲನ್ನು ಅರ್ಧದಲ್ಲೇ ಕೈಯಿಂದ ತಡೆದು, "ಇಲ್ಲಿಯವರೆಗೆ ನೋವಿದೆಯೇ?" ಎಂದರು. ಇರಲಿಲ್ಲ.

ಅವರು ಅಲ್ಲಿ ಹೇಳಿದ ಕಾರಣವೇ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಕುಳಿತಾಗ ಕಣಕಾಲು ಕೆಳಕ್ಕೆ ನೇತಾಡುತ್ತಿರುತ್ತದೆ, ಆಗ ಚೀಲದ ಭಾರ ಮಂಡಿಗೆ ತಗಲುವುದೇ ಇಲ್ಲ. ಕಾಲು ಎತ್ತಿದಂತೆ ಭಾರ ಮಂಡಿಯಿಂದ ದೂರ ಚಾಚಿಕೊಳ್ಳುತ್ತದೆ, ತೊಡೆ ಹೆಚ್ಚು ಹೆಚ್ಚು ಎಳೆಯಬೇಕಾಗುತ್ತದೆ. ಅದೇ ಹೊತ್ತಿಗೆ ಚಿಪ್ಪು ತೋಡಿನಿಂದ ಮೇಲಕ್ಕೆ ಸರಿದು, ಮೂಳೆಗೆ ತಾಗುವ ಅದರ ಜಾಗ ಕಿರಿದಾಗುತ್ತದೆ. ದೊಡ್ಡ ಒತ್ತಡ ಸಣ್ಣ ಜಾಗದ ಮೇಲೆ ಬೀಳುತ್ತದೆ. ಆದ್ದರಿಂದ ಕುಳಿತು ಮಾಡುವಾಗ ಪೂರ್ತಿ ಮಡಿಸಿದ 90 ಡಿಗ್ರಿಯಿಂದ ಅರ್ಧಕ್ಕೆ, ಅಂದರೆ 45 ಡಿಗ್ರಿಗೆ ಬಂದು ನಿಲ್ಲಿಸಬೇಕು. ನಿಂತು ಮಾಡುವಾಗ ಲೆಕ್ಕ ತಿರುಗುಮುರುಗು. ನಿಂತಿರುವಾಗ ನೇರ ಕಾಲಿಗೆ ಶ್ರಮವಿಲ್ಲ. ಕುಳಿತುಕೊಳ್ಳುವಂತೆ ಕೆಳಗಿಳಿದಷ್ಟೂ ಒತ್ತಡ ಏರುತ್ತದೆ. ಆದ್ದರಿಂದ ನಿಂತು ಮಾಡುವ ಬಗ್ಗುವಿಕೆಯಲ್ಲಿ ನೇರದಿಂದ ಅರ್ಧ ಮಡಿಕೆಯವರೆಗೆ ಮಾತ್ರ. ಒಂದೇ ತೊಡೆ, ಒಂದೇ ಸ್ನಾಯು. ಕುಳಿತಾಗ ಕೆಳಗಿನ ಅರ್ಧ, ನಿಂತಾಗ ಮೇಲಿನ ಅರ್ಧ. ಇಪ್ಪತ್ತು ವರ್ಷ ಭೂಪಟದ ಮುಂದೆ ನಿಂತು ಪಾಠ ಮಾಡಿದವನಿಗೆ ಇಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ವಿವರಿಸಿರಲಿಲ್ಲ ಎನ್ನಿಸಿತು. ಈ ಗಡಿ ಶಾಶ್ವತವಲ್ಲ, ನೋವು ತಗ್ಗಿದಂತೆ ಅದನ್ನು ವಿಸ್ತರಿಸುತ್ತ ಹೋಗಬೇಕು ಎಂದೂ ಹೇಳಿದರು.

ಮನೆಯಲ್ಲಿ ಮಾಡಲು ಕೊಟ್ಟದ್ದು ಮೂರೇ ವ್ಯಾಯಾಮ. ಮರಳುಚೀಲ ಕಟ್ಟಿ ಅರ್ಧದವರೆಗೆ ಕಾಲೆತ್ತುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಮಡಿಕೆಗಿಂತ ಕೆಳಗೆ ಇಳಿಯದಂತೆ ಬಗ್ಗಿ ನಿಲ್ಲುವುದು, ಮತ್ತು ಎಡಮಗ್ಗುಲಾಗಿ ಮಲಗಿ ಬಲಗಾಲನ್ನು ಪಕ್ಕಕ್ಕೆ ಎತ್ತುವುದು. ಮೂರನೆಯದು ಮಂಡಿಗೆ ಏಕೆ ಎಂಬುದು ಮರುವಾರ ಗೊತ್ತಾಯಿತು. ಸಣ್ಣ ಹಲಗೆಯ ಮೇಲೆ ಬಲಗಾಲಿನಲ್ಲಿ ನಿಂತು ಎಡ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಲು ಹೇಳಿ, ಅದನ್ನು ನನ್ನ ಮೊಬೈಲಿನಲ್ಲೇ ಮುಂದಿನಿಂದ ಚಿತ್ರೀಕರಿಸಿದರು. ನೋಡಿದರೆ ನನ್ನ ಬಲ ಮಂಡಿ ಪಾದದ ನೇರಕ್ಕೆ ಇಳಿಯದೆ ಎಡಮಂಡಿಯ ಕಡೆಗೆ ವಾಲುತ್ತಿತ್ತು. ಸೊಂಟದ ಪಕ್ಕದ ಸ್ನಾಯು ತೊಡೆಯನ್ನು ಹಿಡಿದು ನಿಲ್ಲಿಸದಿದ್ದರೆ ಹೀಗಾಗುತ್ತದೆ, ಚಿಪ್ಪು ತೋಡಿನ ಹೊರಬದಿಗೆ ಒತ್ತಿಕೊಳ್ಳುತ್ತದೆ. ತೊಡೆಯ ಜೊತೆ ಸೊಂಟವನ್ನೂ ಬಲಪಡಿಸಿದರೆ, ಬರೀ ತೊಡೆಯದು ಮಾಡಿದ್ದಕ್ಕಿಂತ ನೋವು ಬೇಗ ತಗ್ಗುತ್ತದೆ ಎಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪುವ ಮಾತು.

ಪ್ರತಿಯೊಂದನ್ನೂ ಹತ್ತರಂತೆ ಮೂರು ಸರದಿ, ದಿನ ಬಿಟ್ಟು ದಿನ. ಗೋಡೆಯದ್ದನ್ನು ಮಾತ್ರ ಎಣಿಸದೆ, ತೊಡೆ ನಡುಗತೊಡಗುವವರೆಗೆ ನಿಲ್ಲುವುದು. ಭಾರ ಎಷ್ಟಿರಬೇಕೆಂದರೆ, ಹತ್ತನೆಯದನ್ನು ಮಾಡಿದ ಮೇಲೆ ಇನ್ನು ಎರಡು ಮೂರು ಮಾತ್ರ ಆದೀತು ಎನ್ನಿಸಬೇಕು. ಸುಲಭವಾಗಿ ಇಪ್ಪತ್ತು ಎತ್ತಬಹುದಾದರೆ ಅದು ಕೈಬೀಸಿದಷ್ಟೇ, ಬಲ ಬರುವುದಿಲ್ಲ. ನೋವಿಗೂ ಒಂದು ಅಳತೆ ಕೊಟ್ಟಿದ್ದರು. ಹತ್ತಕ್ಕೆ ಮೂರರವರೆಗೆ ನೋವು ಇರಬಹುದು, ಆದರೆ ಮರುದಿನ ಬೆಳಿಗ್ಗೆ ಮಂಡಿ ಹಿಂದಿನ ದಿನದ ಸ್ಥಿತಿಗೆ ಮರಳಿರಬೇಕು. ಮರಳದಿದ್ದರೆ ವ್ಯಾಯಾಮ ಬಿಡುವುದಲ್ಲ, ಭಾರವನ್ನೋ ಸರದಿಯನ್ನೋ ಒಂದು ಹಂತ ಇಳಿಸುವುದು. ನಮ್ಮ ಮನೆ ಗೃಹಪ್ರವೇಶದ ಅಡುಗೆಯವರಂತೆ ಓಡಾಡಿದ ಒಂದು ಭಾನುವಾರದ ನಂತರ ನನಗೆ ಹಾಗಾಯಿತು. ಚೀಲದಿಂದ ಅರ್ಧ ಕಿಲೋ ಮರಳು ಸುರಿದು ಮುಂದುವರಿಸಿದೆ.

ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚಾದರೂ ಟೇಪ್ ಅಲುಗಲಿಲ್ಲ. ಆರಂಭದಲ್ಲಿ ಹೆಚ್ಚುವುದು ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ದುಡಿಸಿಕೊಳ್ಳುವ ಶಕ್ತಿ, ಸ್ನಾಯುವಿನ ಗಾತ್ರ ಕಾಣಿಸಲು ಎರಡು ತಿಂಗಳಾದರೂ ಬೇಕು. ಶಾಲೆಯ ಮೆಟ್ಟಿಲನ್ನು ಅಷ್ಟರವರೆಗೆ ನಿಲ್ಲಿಸುವಂತಿರಲಿಲ್ಲ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ನೋವಿನ ಬಲಗಾಲು ಮೊದಲು, ಒಂದು ಕೈ ಕಂಬಿಯ ಮೇಲೆ. ಮಕ್ಕಳು ಹಿಂದಿನಿಂದ ಅನುಕರಿಸುತ್ತಿದ್ದರು, ಅದೂ ತಪ್ಪು ಕಾಲಿನಲ್ಲಿ.

ನಂತರ ಮೆಟ್ಟಿಲನ್ನೇ ವ್ಯಾಯಾಮವಾಗಿ ಮಾಡಿಕೊಳ್ಳುವ ಹಂತ ಬಂತು. ಇಲ್ಲಿ ಮುಖ್ಯವಾದದ್ದು ಎತ್ತರ, ಏಕೆಂದರೆ ಮೆಟ್ಟಿಲು ಎತ್ತರವಾದಷ್ಟೂ ಮಂಡಿ ಹೆಚ್ಚು ಮಡಿಯಬೇಕು. ಊಟಕ್ಕೆ ಕೂರುವ ಮಣೆಯಿಂದ ಶುರು ಮಾಡಿದೆ. ಅದು ಹತ್ತು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಬಲಗಾಲು ಮಣೆಯ ಮೇಲೆ, ಕನ್ನಡಿ ಎದುರಿಗೆ, ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಎಡ ಹಿಮ್ಮಡಿ ನೆಲಕ್ಕೆ. ಮಂಡಿ ಒಳಗೆ ವಾಲಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಮಣೆ ಸಲೀಸಾದ ಮೇಲೆ ಮನೆಯ ಹೊಸ್ತಿಲಾಚೆಯ ಹದಿನೈದು ಸೆಂಟಿಮೀಟರಿನ ಮೆಟ್ಟಿಲು. ಅದೂ ಆದ ಮೇಲೆ ಕೈಯಲ್ಲಿ ನೀರಿನ ಬಾಟಲಿ.

ಈಗ ಶಾಲೆಯ ಮೆಟ್ಟಿಲಲ್ಲಿ ನೋವಿಲ್ಲ. ತೊಡೆಯ ವ್ಯತ್ಯಾಸ ಒಂದು ಸೆಂಟಿಮೀಟರಿನಷ್ಟು ಉಳಿದಿದೆ. ಬೆಳಗಿನ ಹೊತ್ತು ಕೋಟೆಗೆ ಹೋಗುವ ಅಭ್ಯಾಸ ಮತ್ತೆ ಶುರುವಾಗಿದೆ. ಬಾಗಿಲುಗಳ ನಡುವಿನ ಕಲ್ಲುಹಾಸಿನ ಏರು ತೊಂದರೆ ಕೊಡುವುದಿಲ್ಲ. ಏಕನಾಥೇಶ್ವರಿ ಗುಡಿಯವರೆಗೂ ಹೋಗಿ ಬರುತ್ತೇನೆ. ಕೋಟೆಯ ಮೆಟ್ಟಿಲುಗಳಿಗೆ ಒಂದೇ ಅಳತೆ ಎಂಬುದಿಲ್ಲ, ಎತ್ತರದ ಕಲ್ಲು ಸಿಕ್ಕಲ್ಲಿ ಇಳಿಯುವಾಗ ಪಕ್ಕಕ್ಕೆ ತಿರುಗುತ್ತೇನೆ. ತುಪ್ಪದ ಕೊಳದ ಬಂಡೆಯಲ್ಲಿ ಕೊರೆದ ಗುಳಿಗಳನ್ನು ಹಿಡಿದು ಹತ್ತುವುದನ್ನು ಮಾತ್ರ ಸದ್ಯಕ್ಕೆ ಬೇಡ ಎಂದಿದ್ದಾರೆ. ಅದಕ್ಕೆ ಕಾರಣ ಮಂಡಿಯಲ್ಲ. ಮುರಿದಿದ್ದ ಹಿಮ್ಮಡಿಗಂಟು ಇನ್ನೂ ಪೂರ್ತಿ ಮಡಿಯುತ್ತಿಲ್ಲ, ಅದು ಮಡಿಯದಿದ್ದರೆ ಇಳಿಜಾರಿನಲ್ಲಿ ಆ ಕೊರತೆಯನ್ನು ಮಂಡಿಯೇ ತುಂಬಬೇಕಾಗುತ್ತದೆ. ಅದು ಎಷ್ಟು ಮಡಿಯುತ್ತದೆಂದು ನೋಡಲು ಪಾದವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಎಡಗಾಲು ತಾಗಿಸುತ್ತದೆ. ಬಲಗಾಲಿಗೆ ಇನ್ನೂ ಎರಡು ಬೆರಳು ಬಾಕಿ.