ನೀರಾದರೆ ಈಜಬಹುದು

ಈ ವಾರದ ಮನೆಕೂಟದಲ್ಲಿ ಒಬ್ಬರು ಕೇಳಿದ ಪ್ರಶ್ನೆ, ಅದಕ್ಕೆ ಇನ್ನೊಬ್ಬರಿಂದ ಬಂದ ಉತ್ತರ, ಎರಡೂ ನನ್ನ ತಲೆಯಿಂದ ಹೋಗುತ್ತಿಲ್ಲ.

ಪ್ರಶ್ನೆ ಕೇಳಿದವರು ನಮ್ಮ ಸಭೆಯಲ್ಲಿ ಭಾನುವಾರ ವಾಕ್ಯ ಓದುವ ಹಿರಿಯರು. ಅವರ ಸ್ವರ ಚೆನ್ನಾಗಿದೆ, ಉಚ್ಚಾರವೂ ಸ್ಪಷ್ಟ. ಆದರೆ ಅವಸರ ಜಾಸ್ತಿ. ವಚನ ಮುಗಿದಾಗ ನಿಲ್ಲುತ್ತಾರೆ, ವಚನದ ಮಧ್ಯದಲ್ಲಿ ನಿಲ್ಲುವುದೇ ಇಲ್ಲ. ಅವತ್ತು ನಾವು ಬೈಬಲಿನ 69ನೇ ಕೀರ್ತನೆ ತೆರೆದಿದ್ದೆವು. ಅವರು ಪುಸ್ತಕದಿಂದ ತಲೆ ಎತ್ತಿ ಕೇಳಿದರು: "ಟೀಚರೇ, ಈ ಕೀರ್ತನೆಗಳಲ್ಲಿ ಒಂದೇ ಮಾತನ್ನು ಎರಡೆರಡು ಸಲ ಹೇಳುವುದು ಯಾಕೆ? ಒಂದು ಸಾಲು ಬಿಟ್ಟರೂ ಅರ್ಥಕ್ಕೆ ಏನೂ ಕೊರತೆ ಇಲ್ಲ ಅಲ್ವಾ?"

ಇದನ್ನು ಬಹಳ ಜನ ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ, ಬಾಯಿ ಬಿಟ್ಟು ಕೇಳುವುದಿಲ್ಲ. ಅವರು ಕೇಳಿದರು, ಅದು ನನಗೆ ಇಷ್ಟವಾಯಿತು. ನಾನು ಕೂಟದಲ್ಲಿದ್ದವರನ್ನೆಲ್ಲ ನೋಡಿ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಹೇಳಿ ನಿಲ್ಲಿಸಿದೆ. ಮಕ್ಕಳು ಕೂಡ "ಮಾತು ಬಲ್ಲವನಿಗೆ ಜಗಳವಿಲ್ಲ" ಅಂದರು. ಒಂದು ಸಾಲು ಬಂದರೆ ಅದೇ ಅಳತೆಯ ಇನ್ನೊಂದು ಬರಬೇಕು ಎಂಬುದು ನಮ್ಮ ಕಿವಿಗೆ ಗೊತ್ತು. ಕೀರ್ತನೆಗಳ ಹೀಬ್ರೂ ಕವಿತೆಯೂ ಹೀಗೆ ಜೋಡಿ ಸಾಲುಗಳಲ್ಲಿ ನಡೆಯುತ್ತದೆ. ಗಾದೆಯಲ್ಲಿ ಎರಡು ಬೇರೆ ಸಂಗತಿಗಳಿವೆ, ಒಂದು ಊಟ, ಇನ್ನೊಂದು ಮಾತು. ಕೀರ್ತನೆಯಲ್ಲಿ ಅನೇಕ ಸಲ ಎರಡು ಸಾಲೂ ಒಂದೇ ಸಂಗತಿಯ ಸುತ್ತ ಇರುತ್ತವೆ. ಅದಕ್ಕೇ ಎರಡನೆಯದು ಹೆಚ್ಚುವರಿ ಅಂತ ಕಾಣುತ್ತದೆ.

"ಪ್ರಾಸವೂ ಇಲ್ಲ, ಮತ್ತೆ ಇದು ಕವಿತೆ ಹೇಗೆ?" ಎಂದೂ ಅವರು ಕೇಳಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದಲ್ಲಿ ಪ್ರಾಸ ಬಿಟ್ಟು ಕವಿತೆ ಬರೆದವರು. ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದವರೂ ಅವರೇ. ಅವರ ಊರಿನಲ್ಲಿ ಕೂತು ಪ್ರಾಸ ಇಲ್ಲದೆ ಕವಿತೆ ಆಗುತ್ತದಾ ಅಂತ ಚರ್ಚೆ ಮಾಡುವುದು ಬೇಡ ಅಂದೆ. ಇನ್ನೊಂದು ಸಂಗತಿಯೂ ಇದೆ. ಪ್ರಾಸ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಜೋಡಿ ಸಾಲು ದಾಟುತ್ತದೆ, ಯಾಕೆಂದರೆ ಅದು ಹೆಚ್ಚಾಗಿ ಅರ್ಥದ ಮೇಲೆ ನಿಂತಿದೆ. ಹೀಬ್ರೂ ಒಂದಕ್ಷರ ಬಾರದವರೂ ಈ ಕವಿತೆಯ ಮುಖ್ಯ ಕಟ್ಟನ್ನು ಕನ್ನಡದಲ್ಲೇ ಹಿಡಿಯಬಹುದು.

ಈ ಕಟ್ಟನ್ನು ಗುರುತಿಸಿ ಹೆಸರಿಟ್ಟವರಲ್ಲಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ರಾಬರ್ಟ್ ಲೌತ್ ಮುಖ್ಯ. ಅವರ ಉಪನ್ಯಾಸಗಳು 1753ರಲ್ಲಿ ಅಚ್ಚಾದವು. ಅದೇ ಅರ್ಥದ ಜೋಡಿ, ಎದುರು ಅರ್ಥದ ಜೋಡಿ, ಮಾತನ್ನು ಮುಂದುವರಿಸುವ ಜೋಡಿ ಎಂದು ಅವರು ಮೂರು ಬಗೆ ಮಾಡಿದರು. ಕೀರ್ತನೆ ಕಲಿಸುವವರು ಈಗಲೂ ಇದನ್ನೇ ಮೊದಲು ಹೇಳಿಕೊಡುತ್ತಾರೆ. ನಾನು ಹೇಳಿಕೊಡುವುದಿಲ್ಲ. ಹೇಳಿದರೆ ಜನ "ಇದು ಮೊದಲನೇ ಬಗೆ" ಅಂತ ಚೀಟಿ ಅಂಟಿಸಿ ಮುಂದಕ್ಕೆ ಹೋಗುತ್ತಾರೆ. 'ಅದೇ ಅರ್ಥ' ಎಂಬ ಚೀಟಿ ಬಿದ್ದ ಮೇಲೆ ಎರಡನೇ ಸಾಲನ್ನು ಯಾರೂ ನೋಡುವುದಿಲ್ಲ. 1981ರಲ್ಲಿ ಜೇಮ್ಸ್ ಕೂಗೆಲ್ ಎಂಬ ವಿದ್ವಾಂಸರು ಈ ವಿಂಗಡಣೆಯನ್ನೇ ಪ್ರಶ್ನಿಸಿದರು. ಮೊದಲ ಸಾಲು ಒಂದು ಮಾತು ಹೇಳುತ್ತದೆ, ಎರಡನೆಯದು 'ಅಷ್ಟೇ ಅಲ್ಲ, ಇನ್ನೂ ಕೇಳು' ಎನ್ನುತ್ತದೆ, ಮುಖ್ಯ ನಡೆ ಇದೇ ಎಂಬುದು ಅವರ ವಾದ. ಓದುವವರಿಗೆ ಇದೇ ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ.

ಹಾಗಾಗಿ ಕೂಟದಲ್ಲಿ ನಾನು ಮಾಡಿಸುವುದು ಒಂದೇ ಕೆಲಸ. ವಚನದ ಎರಡನೇ ಅರ್ಧವನ್ನು ಕೈಯಿಂದ ಮುಚ್ಚಿ. ಮೊದಲ ಅರ್ಧ ಜೋರಾಗಿ ಓದಿ. ಮುಂದೆ ಏನು ಬರಬಹುದು ಅಂತ ಹೇಳಿ. ಆಮೇಲೆ ಕೈ ತೆಗೆಯಿರಿ. ನಾವು ಊಹಿಸಿದ್ದಕ್ಕೂ ಅಲ್ಲಿರುವುದಕ್ಕೂ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೇ ಕವಿ ಕೆಲಸ ಮಾಡಿದ್ದಾನೆ. 24ನೇ ಕೀರ್ತನೆಯ ಮೊದಲ ಸಾಲು, ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದು ಎನ್ನುತ್ತದೆ. ಮುಚ್ಚಿಕೊಂಡು ಕೇಳಿದರೆ ಎಲ್ಲರೂ "ಆಕಾಶವೂ ಅವನದೇ" ಅನ್ನುತ್ತಾರೆ. ಕೈ ತೆಗೆದರೆ ಅಲ್ಲಿರುವುದು ಲೋಕ ಮತ್ತು ಅದರ ನಿವಾಸಿಗಳು. ಅಂದರೆ ಜಾಗದಿಂದ ಜನರಿಗೆ ಬಂತು. ಗುಡ್ಡ, ಹೊಳೆ, ತೋಟ ಅವನದು ಅಂದಾಗ ತಲೆಯಾಡಿಸಿದವರು ಈಗ ತಾವೂ ಆ ಲೆಕ್ಕಕ್ಕೆ ಸೇರಿದರು.

ಇಷ್ಟಾದ ಮೇಲೆ 69ಕ್ಕೆ ಬಂದೆವು. ಮೊದಲ ವಚನದ ಸಾರ ಇಷ್ಟು: ದೇವರೇ ಕಾಪಾಡು, ನೀರು ನನ್ನ ಕುತ್ತಿಗೆಯವರೆಗೆ ಬಂದಿದೆ. ಎರಡನೆಯದು: ಆಳವಾದ ಕೆಸರಿನಲ್ಲಿ ಹೂತುಹೋಗುತ್ತಿದ್ದೇನೆ, ಕಾಲೂರಲು ನೆಲೆಯಿಲ್ಲ. ಆಮೇಲೆ: ಆಳ ನೀರಿಗೆ ಬಿದ್ದಿದ್ದೇನೆ, ಪ್ರವಾಹ ನನ್ನನ್ನು ಎಳೆದುಕೊಂಡು ಹೋಗುತ್ತಿದೆ.

"ನೋಡಿ, ನೀರು, ಕೆಸರು, ಮತ್ತೆ ನೀರು. ಒಂದೇ ಅಲ್ವಾ?" ಎಂದರು ಹಿರಿಯರು.

ಆಗ ಬಾಗಿಲ ಹತ್ತಿರ ಕೂತಿದ್ದ ಅಕ್ಕ ಮಾತಾಡಿದರು. ಅವರ ಮನೆ ಶಿರಿಯ ಹೊಳೆಯ ಬದಿಯಲ್ಲಿ. ಇಳಿತದ ಹೊತ್ತಿಗೆ ಹೊಳೆಗಿಳಿದು ಮರುವಾಯಿ ಹೆಕ್ಕಿ ಮಕ್ಕಳನ್ನು ಸಾಕಿದವರು. ಕೂಟದಲ್ಲಿ ಬಾಯಿ ತೆರೆಯುವುದೇ ಅಪರೂಪ.

"ಒಂದೇ ಅಲ್ಲ ಟೀಚರೇ. ನೀರು ಕುತ್ತಿಗೆಗೆ ಬಂದರೆ ಈಜಬಹುದು. ಕೆಸರಿನಲ್ಲಿ ಕಾಲು ಹೂತರೆ ಈಜಲಿಕ್ಕೂ ಆಗುವುದಿಲ್ಲ."

ಸ್ವಲ್ಪ ತಡೆದು ಇನ್ನೂ ಹೇಳಿದರು: "ಒಂದು ಕಾಲು ತೆಗೆಯಲಿಕ್ಕೆ ಇನ್ನೊಂದರ ಮೇಲೆ ಭಾರ ಹಾಕಬೇಕು. ಆಗ ಅದು ಇನ್ನೂ ಒಳಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಉಬ್ಬರ ಬಂದರೆ ಮುಗಿಯಿತು."

ಕೆಸರು, ಆಮೇಲೆ ಉಬ್ಬರ. ಕವಿತೆಯ ಕ್ರಮವೂ ಅದೇ. ಮೊದಲು ನೀರು ಏರಿದೆ. ಆಮೇಲೆ ತಪ್ಪಿಸಿಕೊಳ್ಳುವ ದಾರಿ ಕಾಲಡಿಯಲ್ಲೇ ಹೋಯಿತು. ಆಮೇಲೆ, ಅಲುಗಲಾರದವನ ಮೇಲೆ ಪ್ರವಾಹ. ನಡುವಿನ ಕೆಸರನ್ನು ಬಿಟ್ಟು ಓದಿದರೆ ಬರೀ ನೆರೆಯ ವರ್ಣನೆ ಉಳಿಯುತ್ತದೆ, ಸಿಕ್ಕಿಬಿದ್ದ ಮನುಷ್ಯ ಕಾಣುವುದಿಲ್ಲ. ನಾನು ಈ ಕೀರ್ತನೆಯ ಬಗ್ಗೆ ಎಷ್ಟೋ ಓದಿದ್ದೇನೆ. ಆ ಅಕ್ಕ ಹೇಳಿದಷ್ಟು ಸರಿಯಾಗಿ ಯಾರೂ ಹೇಳಿದ್ದು ನೆನಪಿಲ್ಲ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ ಆ ಮಾತೇ ಕಿವಿಯಲ್ಲಿದೆ: ನೀರಾದರೆ ಈಜಬಹುದು.

ಚಿತ್ರಗಳನ್ನು ಓದುವುದು ಎಂದರೆ ನನಗೆ ಇದೇ. ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ನೀರು ಎಂದ ಕೂಡಲೇ "ನೀರು ಅಂದರೆ ಕಷ್ಟ", ಕೆಸರು ಎಂದ ಕೂಡಲೇ "ಕೆಸರು ಅಂದರೆ ಪಾಪ" ಎಂದು ಅರ್ಥ ಬರೆದುಕೊಳ್ಳುತ್ತೇವೆ. ಎಷ್ಟೋ ಪ್ರಸಂಗಿಗಳೂ ಹಾಗೇ ಕಲಿಸುತ್ತಾರೆ. ಅದು ನನಗೆ ಬೇಸರ. ಹಾಗೆ ಮಾಡಿದ ಕೂಡಲೇ ಚಿತ್ರ ಒಣಗಿಹೋಗುತ್ತದೆ. ಅಲ್ಲದೆ ಇಲ್ಲಿ ಆ ಅರ್ಥ ತಪ್ಪು ಕೂಡ. ನಾಲ್ಕನೇ ವಚನದಲ್ಲಿ ಸಂಗತಿ ಗೊತ್ತಾಗುತ್ತದೆ: ಕಾರಣವಿಲ್ಲದೆ ದ್ವೇಷಿಸುವವರು ತಲೆಗೂದಲಿಗಿಂತ ಹೆಚ್ಚು, ತಾನು ಕದಿಯದ್ದನ್ನು ಹಿಂದಕ್ಕೆ ಕೊಡಬೇಕಾಗಿದೆ. ಅಂದರೆ ಸುಳ್ಳು ಆರೋಪ. ಈಗ ಕೆಸರಿಗೆ ತಿರುಗಿ ನೋಡಿ. ಕದ್ದಿಲ್ಲ ಎಂದು ವಾದಿಸಿದಷ್ಟೂ ಕಳ್ಳನ ಹಾಗೆ ಕಾಣುವ ಮನುಷ್ಯ, ಒಂದು ಕಾಲು ಎತ್ತಲು ಹೋಗಿ ಇನ್ನೊಂದು ಹೂತವನು. ಕವಿ ಚಿತ್ರವನ್ನು ಮೊದಲು ಕೊಟ್ಟ, ಸಂಗತಿಯನ್ನು ಆಮೇಲೆ ಹೇಳಿದ. ನಾವೂ ಅದೇ ಕ್ರಮದಲ್ಲಿ ಹೋಗಬೇಕು. ಮೊದಲು ಆ ನೀರಿನಲ್ಲಿ ನಿಲ್ಲಬೇಕು, ಆಮೇಲೆ ಯಾವ ನೀರು ಅಂತ ಕೇಳಬೇಕು.

ಮೂರನೇ ವಚನವನ್ನು ಮುಚ್ಚಿ ಊಹಿಸಲು ಹೇಳಿದೆ. ಯಾರಿಗೂ ಆಗಲಿಲ್ಲ. ಕೂಗಿ ಕೂಗಿ ದಣಿದಿದ್ದೇನೆ, ಗಂಟಲು ಒಣಗಿದೆ ಎಂದಿದೆ ಅಲ್ಲಿ. ಕುತ್ತಿಗೆಯವರೆಗೆ ನೀರಿರುವವನ ಗಂಟಲು ಒಣಗಿದೆ! ಅದರ ಮುಂದಿನ ಸಾಲಿನಲ್ಲಿ ದೇವರಿಗಾಗಿ ಕಾದು ಕಣ್ಣು ಮಂಕಾಗಿದೆ. ಕೂಗುವುದು ನಿಂತು ಬರೀ ನೋಡುವುದು ಉಳಿಯಿತು, ಆಮೇಲೆ ಅದೂ ಮಸುಕಾಯಿತು. ಹಿರಿಯರು ಆ ವಚನವನ್ನು ತಾವಾಗಿ ಮತ್ತೊಮ್ಮೆ ಓದಿದರು, ಈ ಸಲ ಮಧ್ಯದಲ್ಲಿ ನಿಲ್ಲಿಸಿ. ಅಷ್ಟು ಸಣ್ಣ ನಿಲುಗಡೆ ಎಷ್ಟು ಕೆಲಸ ಮಾಡಿತು!

ಎಲ್ಲ ಜೋಡಿಯೂ ಹೀಗೆ ಮೆಟ್ಟಿಲು ಏರುವುದಿಲ್ಲ, ಇದನ್ನೂ ಹೇಳಬೇಕು. ಕೆಲವು ಕಡೆ ಎರಡನೇ ಸಾಲು ಮೊದಲನೆಯದನ್ನು ಸುಮ್ನೆ ಪೂರ್ತಿ ಮಾಡುತ್ತದೆ. ಅಲ್ಲಿ ಎಳೆದಾಡಿ ಹೊಸ ಅರ್ಥ ಹೊರಡಿಸಬಾರದು. ಹಾಗೆಯೇ ಎರಡು ಸಾಲು ಇದೆ ಎಂದು ಎರಡು ಬೇರೆ ಘಟನೆ ಮಾಡಲೂ ಬಾರದು. ಜೆಕರ್ಯನ ಪುಸ್ತಕದ 9ನೇ ಅಧ್ಯಾಯದಲ್ಲಿ ಅರಸನು ಕತ್ತೆಯ ಮೇಲೆ, ಕತ್ತೆಮರಿಯ ಮೇಲೆ ಬರುತ್ತಾನೆ ಎಂದಿದೆ. ಕವಿತೆಯಾಗಿ ಓದಿದರೆ ಅಲ್ಲಿರುವುದು ಒಂದೇ ಪ್ರಾಣಿ. ಎರಡನೇ ಸಾಲು ಅದು ಎಳೆಯದು ಎಂದು ಹತ್ತಿರದಿಂದ ತೋರಿಸುತ್ತದೆ, ಅಷ್ಟೆ. ಅದನ್ನು ಗೊತ್ತುಮಾಡಿಕೊಳ್ಳುವ ಬಗೆ ಸುಲಭ. ಎರಡನೇ ಸಾಲಿನಲ್ಲಿ ಹೊಸ ಕ್ರಿಯೆ ಇದೆಯಾ ನೋಡಿ. 'ಬರುತ್ತಾನೆ' ಎಂಬುದು ಮೊದಲನೆಯದರಿಂದಲೇ ಸಾಗಿಬಂದಿದ್ದರೆ, ಅನೇಕ ಸಲ ಅದೇ ಚಿತ್ರ ಮುಂದುವರಿಯುತ್ತಿದೆ.

ಮುಂದಿನ ಕೂಟಕ್ಕೆ ಕಷ್ಟದ ಭಾಗ ಇಟ್ಟಿದ್ದೇನೆ, 69ರಲ್ಲೇ 22ನೇ ವಚನದಿಂದ ಶುರುವಾಗುವ ಶಾಪದ ಮಾತುಗಳು. ಅವನ್ನು ಬಿಟ್ಟುಬಿಡೋಣ ಅಂದವರಿದ್ದಾರೆ. ನಾನು ಒಪ್ಪಲಿಲ್ಲ. 21ರಲ್ಲಿ ವೈರಿಗಳು ಕವಿಯ ಊಟಕ್ಕೆ ವಿಷ ಹಾಕಿದರು, ಬಾಯಾರಿದಾಗ ಹುಳಿರಸ ಕೊಟ್ಟರು. ಇಲ್ಲಿಗೆ ಬಂದ ಕೂಡಲೇ ನಮಗೆ ಶಿಲುಬೆ ನೆನಪಾಗುತ್ತದೆ, ಅಲ್ಲೇ ಪುಸ್ತಕ ಮುಚ್ಚುತ್ತೇವೆ. ಮುಂದಿನ ವಚನ ಅವರ ಊಟದ ಮೇಜೇ ಅವರಿಗೆ ಬಲೆಯಾಗಲಿ ಎನ್ನುತ್ತದೆ. ಶಾಪ ಎಲ್ಲಿಂದಲೋ ಬಂದದ್ದಲ್ಲ. ಅವರು ಅವನ ತಟ್ಟೆಗೆ ಮಾಡಿದ್ದು ಅವರ ಮೇಜಿಗೆ ತಿರುಗಿತು. ಆ ಪ್ರಾರ್ಥನೆಗೆ ಆಮೆನ್ ಹೇಳಬೇಕಾ ಎಂಬುದು ಬೇರೆ ಪ್ರಶ್ನೆ, ಅದರಲ್ಲಿ ನಮ್ಮ ಕೂಟದಲ್ಲಿ ಒಮ್ಮತ ಬರಲಿಕ್ಕಿಲ್ಲ. ಹಿರಿಯರು ಈಗಲೇ ಫೋನ್ ಮಾಡಿ 34ನೇ ವಚನ ನೋಡಿದಿರಾ ಎಂದು ಕೇಳಿದ್ದಾರೆ. ಅಲ್ಲಿ ಆಕಾಶ, ಭೂಮಿಯ ಜೊತೆ ಸಮುದ್ರಗಳೂ ದೇವರನ್ನು ಹೊಗಳಬೇಕು. ಅವನನ್ನು ಮುಳುಗಿಸುತ್ತಿದ್ದ ಆ ನೀರೇ ಇದಾ ಎಂಬುದು ಅವರ ಪ್ರಶ್ನೆ. ಅದನ್ನು ಆ ಅಕ್ಕನ ಹತ್ತಿರವೇ ಕೇಳೋಣ ಅಂದಿದ್ದೇನೆ.