ಫೋಟೋಗಳು ತಾಳ ತಪ್ಪುವುದೇಕೆ?

“ಫೋಟೋ ಜೋಡಿಸಿ, ಹಾಡು ಹಾಕಿ, ಝೂಮ್ ಕೊಟ್ಟು ವಿಡಿಯೊ ಮಾಡಿದೆ. ಮೊದಲ ಒಂದು ನಿಮಿಷ ಚೆನ್ನಾಗಿರುತ್ತದೆ. ಆಮೇಲೆ ಹಾಡಿಗೂ ಚಿತ್ರಕ್ಕೂ ಹೊಂದುವುದಿಲ್ಲ, ಝೂಮ್ ಕೂಡ ನಡುಗುತ್ತದೆ. ನೀವು ಮಾಡಿದ್ದು ಹೇಗೆ ಸರಿಯಾಗಿ ಬರುತ್ತದೆ?”

ಚಿಕ್ಕಬಳ್ಳಾಪುರದ ನನ್ನ ಸ್ಟುಡಿಯೊಗೆ ಬರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಫೋಟೋಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಹಾಡಿನ ತಾಳ ಎಣಿಸಿ. ಹೋದ ವರ್ಷ ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೆ ಮಾಡಿದ ವಿಡಿಯೊವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಹಳೆಯ ವಿದ್ಯಾರ್ಥಿಗಳು ನೂರ ನಲವತ್ತು ಫೋಟೋ ತಂದುಕೊಟ್ಟಿದ್ದರು. ಎಲ್ಲವೂ ಬರಲೇಬೇಕು ಎಂಬುದು ಅವರ ಆಸೆ.

ಆರಿಸಿದ್ದು ಕೊಳಲಿನ ಒಂದು ವಾದ್ಯಸಂಗೀತ. ಗಡಿಯಾರ ನೋಡುತ್ತಾ ಇಪ್ಪತ್ತು ಸೆಕೆಂಡು ಮೇಜಿನ ಮೇಲೆ ತಾಳ ಹಾಕಿದೆ. ಮೂವತ್ತು ಪೆಟ್ಟು ಬಂದವು. ಅಂದರೆ ನಿಮಿಷಕ್ಕೆ 90. ಎಂಟು ಪೆಟ್ಟಿಗೆ ಒಂದು ಆವರ್ತ ಮುಗಿಯುತ್ತಿತ್ತು, ಅದಕ್ಕೆ ಹಿಡಿಯುವ ಸಮಯ 5.33 ಸೆಕೆಂಡು. ಮೊದಲ ಪೆಟ್ಟಿನಿಂದ ಕೊನೆಯವರೆಗೆ ಸಂಗೀತ 3 ನಿಮಿಷ 12 ಸೆಕೆಂಡು ಇತ್ತು, ಸರಿಯಾಗಿ 36 ಆವರ್ತ. ಮೇಷ್ಟ್ರ ಹೆಸರಿಗೆ ಒಂದು ಆವರ್ತ ಕೊಟ್ಟೆ. ಮೂರು ಗುಂಪು ಫೋಟೋಗಳಿಗೆ ಎರಡೆರಡು. ಓಟದ ಸ್ಪರ್ಧೆ, ಪ್ರವಾಸದಂಥ ಚುರುಕಿನ ಚಿತ್ರಗಳನ್ನು ಎಂಟು ಆವರ್ತಗಳಲ್ಲಿ ಎರಡೆರಡರಂತೆ ಇಟ್ಟೆ. ಉಳಿದ 21 ಆವರ್ತಗಳಲ್ಲಿ ಒಂದೊಂದೇ ಚಿತ್ರ. ಒಟ್ಟು ನಲವತ್ತು ಫೋಟೋ. ಮಿಕ್ಕ ನೂರನ್ನು ಬಿಡಬೇಕಾಯಿತು. ತಂದವರಿಗೆ ಬೇಸರವಾಯಿತು, ಆದರೆ ನೂರ ನಲವತ್ತನ್ನೂ ತುರುಕಿದ್ದರೆ ಒಂದೊಂದಕ್ಕೆ ಒಂದೂವರೆ ಸೆಕೆಂಡಿಗಿಂತ ಕಡಿಮೆ ಸಿಗುತ್ತಿತ್ತು. ಮುಖ ಗುರುತು ಹಿಡಿಯುವ ಮೊದಲೇ ಚಿತ್ರ ಹೋಗಿಬಿಡುತ್ತಿತ್ತು.

ಈಗ ತಾಳ ತಪ್ಪುವ ವಿಷಯ. ಮೊಬೈಲ್ ಆ್ಯಪ್‌ಗಳಲ್ಲಿ ಚಿತ್ರದ ಅವಧಿಯನ್ನು ಸಾಮಾನ್ಯವಾಗಿ ಒಂದು ದಶಮಾಂಶದವರೆಗೆ ಮಾತ್ರ ಕೊಡಬಹುದು. 5.33 ಬೇಕಾದ ಕಡೆ ಎಲ್ಲರೂ 5.3 ಎಂದು ಕೊಡುತ್ತಾರೆ. ಒಂದು ಆವರ್ತದಲ್ಲಿ ಆ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಆದರೆ ಅದು ಕೂಡುತ್ತಾ ಹೋಗುತ್ತದೆ. 36 ಆವರ್ತ ಮುಗಿಯುವ ಹೊತ್ತಿಗೆ ಚಿತ್ರಗಳು ಸಂಗೀತಕ್ಕಿಂತ 1.2 ಸೆಕೆಂಡು ಮುಂದೆ ಓಡಿರುತ್ತವೆ, ಅಂದರೆ ಹೆಚ್ಚುಕಡಿಮೆ ಎರಡು ಪೆಟ್ಟು. ಮೊದಲ ನಿಮಿಷ ಚೆನ್ನಾಗಿದ್ದು ಆಮೇಲೆ ಕೆಡುವುದು ಇದರಿಂದಲೇ. ನಾನು ಇದನ್ನು ಸರಿಪಡಿಸುವುದು ಹೀಗೆ: ಮೂರು ಆವರ್ತಕ್ಕೆ ನಿಖರವಾಗಿ 16 ಸೆಕೆಂಡು. ಆದ್ದರಿಂದ 5.3, 5.3, 5.4 ಎಂದು ಮೂರರ ಕಟ್ಟು ಮಾಡುತ್ತೇನೆ. ಪ್ರತಿ ಮೂರನೆಯ ಆವರ್ತದ ಕೊನೆಯಲ್ಲಿ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಬೇರೆ ಲಯದ ಹಾಡಾದರೆ ಸಂಖ್ಯೆ ಬೇರೆ, ಕ್ರಮ ಒಂದೇ. ಪ್ರತಿ ಚಿತ್ರದ ಜಾಗವನ್ನು ಹಿಂದಿನ ಚಿತ್ರದಿಂದಲ್ಲ, ಮೊದಲ ಪೆಟ್ಟಿನಿಂದ ಲೆಕ್ಕ ಹಾಕಬೇಕು. ಮೊದಲ ಪೆಟ್ಟು ಎಂದೆ, ಕಡತದ ಆರಂಭ ಎನ್ನಲಿಲ್ಲ. ಎಷ್ಟೋ ಹಾಡುಗಳಲ್ಲಿ ತಾಳ ಶುರುವಾಗುವುದಕ್ಕೆ ಮೊದಲು ಒಂದೆರಡು ಸೆಕೆಂಡು ಆಲಾಪವೋ ಮೌನವೋ ಇರುತ್ತದೆ.

ಹಳೆಯ ಧ್ವನಿಮುದ್ರಣಗಳಿಗೆ ಈ ಲೆಕ್ಕ ನಡೆಯದು. ವಾದ್ಯದವರು ಕೂಡಿ ನುಡಿಸಿದ ಹಾಡಿನ ಲಯ ಚರಣದಲ್ಲಿ ತುಸು ಏರಿ ಪಲ್ಲವಿಯಲ್ಲಿ ಇಳಿಯಬಹುದು. ಅಂಥ ಕಡೆ ಹಾಡು ಕೇಳುತ್ತಾ ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಕೈಯಿಂದಲೇ ಗುರುತು ಹಾಕಬೇಕು. ಆಗ ತಂತಿಯ ಇಯರ್‌ಫೋನ್ ಬಳಸಿ. ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ತಡವಾಗಿ ತಲುಪುತ್ತದೆ, ಗುರುತುಗಳೆಲ್ಲ ಅಷ್ಟಷ್ಟೇ ತಡವಾಗಿ ಬೀಳುತ್ತವೆ.

ಒಂದು ಚಿತ್ರ ಕರಗಿ ಇನ್ನೊಂದು ಮೂಡುವಾಗ ಕಣ್ಣಿಗೆ ಬದಲಾವಣೆ ಅನಿಸುವುದು ಕರಗುವಿಕೆಯ ನಡುಭಾಗದಲ್ಲಿ. ಒಂದು ಸೆಕೆಂಡಿನ ಕರಗುವಿಕೆಯಾದರೆ ಪೆಟ್ಟಿಗೆ ಅರ್ಧ ಸೆಕೆಂಡು ಮೊದಲೇ ಅದನ್ನು ಶುರುಮಾಡುತ್ತೇನೆ. ಇನ್ನೊಂದು ಮಾತು: ಹಲವು ಆ್ಯಪ್‌ಗಳು ಕರಗಿಸಲು ಎರಡು ಚಿತ್ರಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುತ್ತವೆ. ಆಗ ಪ್ರತಿ ಸಲವೂ ಒಂದು ಸೆಕೆಂಡು ನುಂಗಿಹೋಗುತ್ತದೆ. ಕರಗುವಿಕೆ ಸೇರಿಸಿದ ಮೇಲೆ ವಿಡಿಯೊದ ಒಟ್ಟು ಅವಧಿ ಕುಗ್ಗಿದರೆ ನಿಮ್ಮ ಆ್ಯಪ್ ಈ ಜಾತಿಯದು ಎಂದು ತಿಳಿಯಿರಿ. ಚಿತ್ರಗಳ ಅವಧಿಗೆ ಆ ಒಂದು ಸೆಕೆಂಡನ್ನು ಮೊದಲೇ ಸೇರಿಸಿ 6.3, 6.3, 6.4 ಎಂದು ಇಡಿ.

ಝೂಮ್ ನಡುಗುವುದಕ್ಕೆ ಕಾರಣ ಬೇರೆ. ನಾನು ಒಂದು ಆವರ್ತದಲ್ಲಿ ಚಿತ್ರವನ್ನು ನೂರರಿಂದ ನೂರೆಂಟು ಪ್ರತಿಶತದವರೆಗೆ ಮಾತ್ರ ಹಿಗ್ಗಿಸುತ್ತೇನೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಚಿತ್ರದ ಒಂದೊಂದು ಅಂಚು ಆ ಐದು ಸೆಕೆಂಡಿನಲ್ಲಿ ಸರಿಯುವುದು ಸುಮಾರು 77 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮ್ ಎಂದರೆ ಫ್ರೇಮಿಗೆ ಅರ್ಧ ಪಿಕ್ಸೆಲಿಗಿಂತ ಸ್ವಲ್ಪ ಹೆಚ್ಚು. ಅರ್ಧ ಪಿಕ್ಸೆಲ್ ಸರಿಸಲು ಬಾರದ ತಂತ್ರಾಂಶ ಒಂದು ಫ್ರೇಮಿನಲ್ಲಿ ಒಂದು ಪಿಕ್ಸೆಲ್ ಹಾರುತ್ತದೆ, ಮುಂದಿನದರಲ್ಲಿ ನಿಂತುಬಿಡುತ್ತದೆ. ಅದೇ ಆ ನಡುಕ. ಇದಕ್ಕೆ ಮದ್ದು ಚಿತ್ರವನ್ನು ಮೊದಲೇ ದೊಡ್ಡದು ಮಾಡಿಕೊಳ್ಳುವುದು. ನಾಲ್ಕು ಪಟ್ಟು ಹಿಗ್ಗಿಸಿದ ಚಿತ್ರದ ಮೇಲೆ ಝೂಮ್ ಲೆಕ್ಕ ಹಾಕಿಸಿ ಕೊನೆಗೆ 1920ಕ್ಕೆ ಇಳಿಸಿದರೆ ಹಾರಿಕೆ ಕಾಲು ಪಿಕ್ಸೆಲಿಗೆ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಇಂಚು–ಆರು ಇಂಚಿನ ಹಳೆಯ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. 3600 ಪಿಕ್ಸೆಲ್ ಅಗಲ ಸಿಗುತ್ತದೆ. 300ರಲ್ಲಿ ಸಿಗುವ 1800 ಪಿಕ್ಸೆಲ್ ಪರದೆಗೇ ಸಾಲದು. ಸರಿಯಾಯಿತೇ ಎಂದು ನೋಡಲು ಚಿತ್ರದ ಅಂಚಿನಲ್ಲಿರುವ ನೇರ ಗೆರೆಯನ್ನು ಗಮನಿಸಿ. ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದ ಒಂದು ಪ್ರವಾಸದ ಚಿತ್ರವಿತ್ತು. ಮಕ್ಕಳ ಮುಖಗಳಲ್ಲಿ ಏನೂ ಗೊತ್ತಾಗಲಿಲ್ಲ, ಆದರೆ ಹಿಂದಿನ ಕಲ್ಲಿನ ಮೆಟ್ಟಿಲುಗಳ ಸಾಲು ಬಿಸಿಲಿನ ಝಳದಂತೆ ನಡುಗುತ್ತಿತ್ತು.

ಝೂಮ್ ನಿಲ್ಲುವ ಜಾಗವೂ ಮುಖ್ಯ. ಚಿತ್ರ ಪೂರ್ತಿ ಕರಗುವವರೆಗೂ ಅದು ಚಲಿಸುತ್ತಲೇ ಇರಬೇಕು. ಕರಗುವ ಮೊದಲೇ ನಿಂತುಬಿಟ್ಟರೆ ಪ್ರತಿ ಊರಿನಲ್ಲೂ ಬ್ರೇಕ್ ಹಾಕುವ ಬಸ್ಸಿನಲ್ಲಿ ಕುಳಿತ ಹಾಗಿರುತ್ತದೆ.

ಗುಂಪು ಫೋಟೋಗಳಲ್ಲಿ ಮಾತ್ರ ನಾನು ಇದನ್ನು ಮುರಿಯುತ್ತೇನೆ. ಮೇಷ್ಟ್ರ ವಿಡಿಯೊದಲ್ಲಿ ಏಳನೆಯ ತರಗತಿಯ ಫೋಟೋವನ್ನು ಮೊದಲು ಎಲ್ಲದರಂತೆ ಒಳಕ್ಕೆ ಹಿಗ್ಗಿಸಿದ್ದೆ. ಮೇಷ್ಟ್ರ ಮುಖ ಹತ್ತಿರ ಬಂತು, ಆದರೆ ಹಿಂದಿನ ಸಾಲಿನ ತುದಿಯಲ್ಲಿ ಕುತ್ತಿಗೆ ಚಾಚಿ ನಿಂತ ಒಬ್ಬ ಹುಡುಗ ಪರದೆಯಿಂದ ಹೊರಗೆ ಹೋದ. ಅವನು ಈಗ ದೊಡ್ಡವನಾಗಿ ಸಭೆಯಲ್ಲಿ ಕುಳಿತು ತನ್ನನ್ನೇ ಹುಡುಕುತ್ತಿರುತ್ತಾನೆ. ಹಾಗಾಗಿ ತಿರುಗಿಸಿದೆ: ಮೇಷ್ಟ್ರಿಂದ ಶುರುವಾಗಿ ಮೊದಲ ಆವರ್ತದಲ್ಲಿ ಹಿಂದಕ್ಕೆ ಸರಿದು ಎಲ್ಲರೂ ಕಾಣುವಂತಾಗಬೇಕು, ಎರಡನೆಯ ಆವರ್ತವಿಡೀ ಅಲ್ಲಾಡದೆ ನಿಲ್ಲಬೇಕು. ಮೂರು ಸಾಲು ಮುಖಗಳನ್ನು ಓದಲು ಅಷ್ಟು ಹೊತ್ತು ಬೇಕು.

ಸಮಾರಂಭದ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ ಹಚ್ಚಿ ನೋಡಿದಾಗ ಎಲ್ಲವೂ ತುಸು ತಪ್ಪಿದಂತೆ ಕಂಡಿತು. ಧ್ವನಿವರ್ಧಕಕ್ಕೆ ಬ್ಲೂಟೂತ್ ಜೋಡಿಸಿದ್ದರು. ಮೈಕ್‌ನವರಿಂದ ಉದ್ದನೆಯ ತಂತಿ ಕೇಳಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಗುಂಪು ಫೋಟೋ ಮೊದಲ ಪೆಟ್ಟಿಗೇ ಮೂಡಿತು.