ಅಡುಗೆಮನೆಗೆ ಹೋಮ್-ರನ್, ಮೇಲಿನ ಬಾತ್‌ರೂಮಿಗೆ ಟೀ: ಪೈಪ್ ಕೆಲಸ ಎಲ್ಲಿಗೆ ಬಂತು

ಓಹಿಯೋದ ನಮ್ಮ ಹಳೇ ಮನೆಯ ತಾಮ್ರದ ಪೈಪು ಬಿಚ್ಚಿ ಪೆಕ್ಸ್ ಅನ್ನೋ ಪ್ಲಾಸ್ಟಿಕ್ ಪೈಪು ಎಳೆಯುವ ಕೆಲಸ ಅರ್ಧ ದಾಟಿದೆ. ಬೇಸ್‌ಮೆಂಟಿನಲ್ಲಿ ವಾಟರ್ ಹೀಟರ್ ಪಕ್ಕದ ಗೋಡೆಗೆ, ನೀರನ್ನು ಹಲವು ಲೈನಿಗೆ ಹಂಚುವ ಮ್ಯಾನಿಫೋಲ್ಡ್ ಕೂತಿದೆ, ಅಡುಗೆಮನೆ ಲೈನು ಮುಗಿದಿದೆ. ಮೊದಲು ಎಲ್ಲಾ ನಲ್ಲಿಗೂ ಮ್ಯಾನಿಫೋಲ್ಡ್‌ನಿಂದಲೇ ಒಂದೊಂದು ಬೇರೆ ಪೈಪು, ಅಂದರೆ ಹೋಮ್-ರನ್, ಎಳೆಯೋಣ ಅಂತಿದ್ದೆ. ಲೆಕ್ಕ ಹಾಕಿದ ಮೇಲೆ ಪ್ಲಾನು ಬದಲಾಯಿತು.

ಲೆಕ್ಕ ಸುಲಭ. ಬಿಸಿನೀರು ನಲ್ಲಿಗೆ ಬರಬೇಕಾದರೆ ಪೈಪಿನಲ್ಲಿ ತಣ್ಣಗಾಗಿ ನಿಂತ ನೀರು ಮೊದಲು ಹೊರಗೆ ಹೋಗಬೇಕು ಅಲ್ವಾ? ಆ ನೀರು ಎಷ್ಟು ಅನ್ನೋದೇ ಮುಖ್ಯ. 100 ಅಡಿ ಪೆಕ್ಸ್‌ನಲ್ಲಿ ಹಿಡಿಯುವ ನೀರು ಮುಕ್ಕಾಲು ಇಂಚಿಗೆ ಸುಮಾರು 7 ಲೀಟರ್, ಅರ್ಧ ಇಂಚಿಗೆ 3.5, 3/8 ಇಂಚಿಗೆ 1.9. ತಾಮ್ರದ ಗೋಡೆ ತೆಳು, ಒಳಗಿನ ಜಾಗ ಜಾಸ್ತಿ, ಹಾಗಾಗಿ ಮುಕ್ಕಾಲು ಇಂಚಿನ ತಾಮ್ರ 9.5 ಲೀಟರ್ ಹಿಡಿಯುತ್ತದೆ.

ನಮ್ಮ ಅಡುಗೆಮನೆಗೆ ಹಳೇ ದಾರಿ 40 ಅಡಿ ಮುಕ್ಕಾಲು ಇಂಚು, ಆಮೇಲೆ ಪೈಪು ಕವಲೊಡೆಯುವ ಟೀ ಜಾಯಿಂಟು, ಆಮೇಲೆ 12 ಅಡಿ ಅರ್ಧ ಇಂಚು. ಒಟ್ಟು 4.3 ಲೀಟರಿನಷ್ಟು ತಣ್ಣೀರು. ಬಕೆಟ್ ಇಟ್ಟು ಅಳೆದಾಗ ಸಿಂಕಿನ ನಲ್ಲಿ ನಿಮಿಷಕ್ಕೆ 6 ಲೀಟರ್ ಬಿಡುತ್ತಿತ್ತು, ಅಂದರೆ ಮುಕ್ಕಾಲು ನಿಮಿಷದ ಹತ್ತಿರ ಸುಮ್ನೆ ಹರಿಯುತ್ತಿತ್ತು. ಒಂದು ಲೋಟ ತೊಳೆಯೋದಕ್ಕೂ ಅಷ್ಟೇ. ಈಗ ಮ್ಯಾನಿಫೋಲ್ಡ್‌ನಿಂದ ನೇರವಾಗಿ 50 ಅಡಿ 3/8 ಇಂಚಿನ ಪೆಕ್ಸ್ ಹೋಗಿದೆ. ಅದರಲ್ಲಿ ಒಂದು ಲೀಟರಿಗಿಂತ ಕಡಿಮೆ ನೀರು, ಹತ್ತು ಸೆಕೆಂಡಿನ ಲೆಕ್ಕ. ಸಣ್ಣ ಪೈಪು, ಒತ್ತಡ ಸಾಕಾಗುತ್ತಾ? ಅಷ್ಟು ಹರಿವಿಗೆ ಆ ಉದ್ದದಲ್ಲಿ ಸುಮಾರು 8 ಪಿಎಸ್‌ಐ ಕಳೆಯುತ್ತದೆ, ನಮ್ಮ ಮನೆಗೆ ಬರುವುದು 55, ಹಾಗಾಗಿ ಸಿಂಕಿಗೆ ಸಾಕು. ಬಾತ್‌ಟಬ್‌ಗೆ ಮಾತ್ರ ಇದನ್ನು ಹಾಕಬೇಡಿ. ನಿಮಿಷಕ್ಕೆ 15 ಲೀಟರ್ ಎಳೆದರೆ ಒತ್ತಡವೆಲ್ಲಾ ಪೈಪಿನಲ್ಲೇ ಖರ್ಚಾಗುತ್ತದೆ.

ಒಂದು ವಿಷಯ ಗಮನದಲ್ಲಿರಲಿ. ಮ್ಯಾನಿಫೋಲ್ಡ್ ಹೀಟರ್ ಪಕ್ಕದಲ್ಲೇ ಇರಬೇಕು. ಎರಡರ ನಡುವೆ 20 ಅಡಿ ಒಂದಿಂಚಿನ ಪೈಪು ಇದ್ದರೆ ಅದೊಂದೇ 2.3 ಲೀಟರ್ ಹಿಡಿದು, ಉಳಿಸಿದ್ದನ್ನೆಲ್ಲಾ ತಿಂದುಬಿಡುತ್ತದೆ. ಆದರೂ ಹೀಟರಿನ ಶಾಖ ನೇರ ತಾಗದಿರಲಿ ಅಂತ ಪೆಕ್ಸನ್ನು ಹೀಟರಿಗೇ ಸಿಕ್ಕಿಸಿಲ್ಲ, ಮೊದಲ 18 ಇಂಚು ತಾಮ್ರ ಬಿಟ್ಟಿದ್ದೇನೆ.

ಮೇಲಿನ ಬಾತ್‌ರೂಮಿನ ಕಥೆ ಬೇರೆ. ಅಲ್ಲಿ ಎರಡು ಬೇಸಿನ್, ಒಂದು ಶವರ್, ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು. ಹೋಮ್-ರನ್ ಮಾಡಿದರೆ ಬೇಸಿನ್ನಿಗೆ ಬಿಸಿನೀರು ಬಂದಿದ್ದರೂ ಶವರ್ ಲೈನು ತಣ್ಣಗೇ ಇರುತ್ತದೆ, ಅದರ 45 ಅಡಿ ಅರ್ಧ ಇಂಚಿನ ಪೈಪಿನಿಂದ ಮತ್ತೆ 1.6 ಲೀಟರ್ ಹೊರಹಾಕಬೇಕು. ಅದರ ಬದಲು 35 ಅಡಿ ಮುಕ್ಕಾಲು ಇಂಚಿನ ಒಂದೇ ಪೈಪು ಮೇಲಕ್ಕೆ ಒಯ್ದು ಅಲ್ಲಿ ಟೀ ಹಾಕಿದರೆ, ಮೊದಲು ಎದ್ದವರು 2.7 ಲೀಟರ್ ಹರಿಸಬೇಕು ನಿಜ, ಆದರೆ ಅವರ ಹಿಂದೆಯೇ ಬಂದವರಿಗೆ ಟೀಯಿಂದಾಚೆಯ 8 ಅಡಿ ಮಾತ್ರ, ಅಂದರೆ ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ. ಆ ಪೈಪಿಗೆ ಫೋಮ್ ಹೊದಿಸುತ್ತಿದ್ದೇನೆ, ನಡುವೆ ಬೇಗ ಆರದಿರಲಿ ಅಂತ. ಟೀ ಲೇಔಟು ಹಳೇ ಕಾಲದ್ದು ಅಂತ ತಳ್ಳಿಹಾಕುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ತಣ್ಣೀರಿಗೆ ಕಾಯುವ ಪ್ರಶ್ನೆಯೇ ಇಲ್ಲ. ಅಲ್ಲಿ ಹೋಮ್-ರನ್ನೇ ಮಾಡಿದ್ದೇನೆ, ಕಾರಣ ಟಾಯ್ಲೆಟ್ ಫ್ಲಶ್. ಒಂದೇ ಕೊಂಬೆಯಲ್ಲಿ ಶವರೂ ಟಾಯ್ಲೆಟ್ಟೂ ಇದ್ದರೆ ಫ್ಲಶ್ ಮಾಡಿದಾಗ ತಣ್ಣೀರಿನ ಒತ್ತಡ ಬಿದ್ದು ಶವರ್ ಸುಡುವಷ್ಟು ಬಿಸಿಯಾಗಬಹುದು. ಪ್ರೆಶರ್ ಬ್ಯಾಲೆನ್ಸ್ ವಾಲ್ವ್ ಇದ್ದರೆ ಬಿಸಿ ಏರುವುದಿಲ್ಲ, ಧಾರೆ ಮಾತ್ರ ಸಣ್ಣಗಾಗುತ್ತದೆ. ಬೇರೆ ಬೇರೆ ಲೈನಿದ್ದರೆ ಆ ಏರಿಳಿತವೇ ಕಡಿಮೆ. ಟಾಯ್ಲೆಟ್ ರಿಪೇರಿಗೆ ಮ್ಯಾನಿಫೋಲ್ಡ್‌ನಲ್ಲಿ ಅದೊಂದೇ ವಾಲ್ವ್ ಮುಚ್ಚಿದರೂ ಆಯಿತು. ಬಿಸಿ, ತಣ್ಣೀರಿನ ಪೈಪುಗಳನ್ನು ಒಟ್ಟಿಗೆ ಕಟ್ಟಿಲ್ಲ, ಒಂದರ ಶಾಖ ಇನ್ನೊಂದಕ್ಕೆ ಹೋಗುತ್ತದೆ.

ಟೀ ಅಂದರೆ ಗೋಡೆಯೊಳಗೆ ಜಾಯಿಂಟು, ಅದೇ ಅದರ ನಿಜವಾದ ತೊಂದರೆ. ನಾನು ಬಳಸುತ್ತಿರುವುದು ಪೆಕ್ಸ್-ಎ. ತುದಿಗೆ ರಿಂಗ್ ಹಾಕಿ, ಟೂಲಿನಿಂದ ಅಗಲಿಸಿ, ಫಿಟ್ಟಿಂಗಿನ ಮೇಲೆ ತಳ್ಳಿದರೆ ಪೈಪು ತಾನೇ ಕುಗ್ಗಿ ಬಿಗಿಯುತ್ತದೆ. ಪ್ರತಿ ಸಲ ಅಗಲಿಸುವಾಗ ಟೂಲಿನ ತಲೆ ಸ್ವಲ್ಪ ತಿರುಗಬೇಕು, ಇಲ್ಲದಿದ್ದರೆ ಒಳಗೆ ಉದ್ದುದ್ದ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ. ರಿಂಗ್ ಫಿಟ್ಟಿಂಗಿನ ಅಂಚಿಗೆ ಪೂರ್ತಿ ತಾಗಿರಬೇಕು. ಸಂದು ಕಂಡರೆ ಕತ್ತರಿಸಿ ಮತ್ತೆ ಮಾಡುವುದೇ. ಚಳಿಯಲ್ಲಿ ಕುಗ್ಗುವುದು ನಿಧಾನ, ಅದಕ್ಕೇ ಆ ಕೋಣೆಯಲ್ಲಿ ಹೀಟರ್ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ.

ಮೇಲಿನ ಮೂರು ಟೀ ಇನ್ನೂ ಬಾಕಿ. ಅವು ಮುಗಿದ ಮೇಲೆ ನೀರು ತುಂಬಿಸಿ ಒತ್ತಡದ ಪರೀಕ್ಷೆ, ಆಮೇಲೆ ಇನ್ಸ್‌ಪೆಕ್ಟರ್. ಅವರು ನೋಡಿ ಸೈ ಅನ್ನುವವರೆಗೆ ಡ್ರೈವಾಲ್ ಮುಚ್ಚುವ ಹಾಗಿಲ್ಲ.